ಮೊದಲ ಸುತ್ತು ಗರಿಗರಿ, ಎರಡನೆಯದು ಎಣ್ಣೆಮಯ: ಮಿರ್ಚಿ ಯಾಕೆ ಹೀಗೆ ಕೈಕೊಡುತ್ತದೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮಲ್ಲಿ ಎಂಟು, ಒಂಬತ್ತನೇ ತರಗತಿ ಮಕ್ಕಳ ಅಡುಗೆ ಕ್ಲಬ್ ಇದೆ. ಹೋದ ತಿಂಗಳು ಮಿರ್ಚಿ ಕರಿದು ತೋರಿಸಿದೆ. ಒಂದು ಲೀಟರ್ ಎಣ್ಣೆ, ಮನೆಯ ಗ್ಯಾಸ್ ಒಲೆ. ಮೂರು ಹಾಕಿದ ಮೊದಲ ಸುತ್ತು ಚೆನ್ನಾಗಿ ಬಂತು. ಮಕ್ಕಳು ಕಾಯುತ್ತಿದ್ದರು ಅಂತ ಎರಡನೇ ಸಲ ಎಂಟು ಹಾಕಿದೆ, ಹಿಂಡಿದರೆ ಎಣ್ಣೆ ಸೋರುವ ಹಾಗಿದ್ದವು. ಆಮೇಲೆ ಉರಿ ಜೋರು ಮಾಡಿದೆ, ಮೂರನೇ ಸುತ್ತು ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು. ಸಾಲದ್ದಕ್ಕೆ ಒಂದು ಮೆಣಸಿನಕಾಯಿ ಸಿಡಿದು ನನ್ನ ಕೈಗೆ ಎಣ್ಣೆ ಹಾರಿತು. ‘ಎಣ್ಣೆ ಹೊಗೆ ಆಡೋ ತನಕ ಕಾಯಿಸ್ಬೇಕು ಮೇಡಂ’ ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ‘ಸಣ್ಣ ಉರಿಯಲ್ಲಿ ಕರಿದರೆ ಭಯ ಇಲ್ಲ’ ಅಂತ ನಮ್ಮ ಅತ್ತೆ ಹೇಳುತ್ತಾರೆ. ಮುಂದಿನ ಸಲ ಕರಿಯುವ ಮೊದಲು ಮಕ್ಕಳಿಗೆ ಎಣ್ಣೆಯ ಬಿಸಿ ಬಗ್ಗೆ ನಾಲ್ಕೈದು ನಿಮಿಷ ಮಾತನಾಡಬೇಕು. ಏನು ಹೇಳಲಿ? ಮತ್ತೆ ಕರಿಯುವ ಧೈರ್ಯ ಮಾಡಬಹುದಾ?

ಉತ್ತರ: ಮಾಡಬಹುದು ಮೇಡಂ. ನಿಮ್ಮ ಮೂರು ಸುತ್ತುಗಳೇ ಒಳ್ಳೆಯ ಪಾಠ. ಹಿಟ್ಟು ಅದೇ, ಮೆಣಸಿನಕಾಯಿ ಅದೇ, ಎಣ್ಣೆಯೂ ಅದೇ. ಬದಲಾಗಿದ್ದು ಬಿಸಿ ಒಂದೇ. ಭಜಿ, ಚೂಡಾ ಮಾಡುವ ಸಣ್ಣ ಘಟಕಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ‘ಸರ್, ಮಿರ್ಚಿ ಎಣ್ಣೆ ಕುಡೀತದ’ ಅಂತ ಕರೆಸುವವರು ಸಾಮಾನ್ಯವಾಗಿ ಹಿಟ್ಟನ್ನೋ ಸೋಡಾವನ್ನೋ ಬೈಯುತ್ತಿರುತ್ತಾರೆ. ನಾನು ಹಿಟ್ಟಿನ ಕಡೆ ಆಮೇಲೆ ನೋಡುತ್ತೇನೆ. ಬಾಣಲೆಯಲ್ಲಿ ಎಣ್ಣೆ ಎಷ್ಟಿದೆ, ಒಂದು ಸಲಕ್ಕೆ ಎಷ್ಟು ಬಿಡುತ್ತಿದ್ದಾರೆ ಅನ್ನುವುದೇ ಮೊದಲು.

ಮಿರ್ಚಿ ಎಣ್ಣೆಗೆ ಬಿದ್ದಾಗ ಏನಾಗುತ್ತದೆ ನೋಡೋಣ. ಕಲಸಿದ ಹಿಟ್ಟಿನಲ್ಲಿ ನೀರು ಸಾಕಷ್ಟಿದೆ. ಎಣ್ಣೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೊರಪದರದ ನೀರು ಕೂಡಲೇ ಆವಿಯಾಗಿ ಹೊರಗೆ ನುಗ್ಗುತ್ತದೆ. ಚುರ್ ಅನ್ನುವ ಸದ್ದು, ಸುತ್ತ ಏಳುವ ಗುಳ್ಳೆ ಎಲ್ಲ ಆ ಆವಿಯೇ. ಆವಿ ಹೊರಗೆ ಬರುತ್ತಿರುವ ತನಕ ಎಣ್ಣೆಗೆ ಒಳಗೆ ನುಗ್ಗಲು ಜಾಗ ಸಿಗುವುದಿಲ್ಲ. ಹೊತ್ತು ಕಳೆದಂತೆ ಹೊರಪದರ ಒಣಗಿ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಅದರ ಬಿಸಿ 100 ಡಿಗ್ರಿ ದಾಟಿ ಬಣ್ಣ, ಪರಿಮಳ ಬರುತ್ತದೆ. ಒಳಗೆ ಮಾತ್ರ ಇನ್ನೂ ನೀರಿದೆ, ಹಾಗಾಗಿ ಅಲ್ಲಿನ ಬಿಸಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊರಗೆ ಒಣಗುತ್ತಾ ಒಳಗೆ ಬೇಯುವುದು, ಈ ಎರಡೂ ಒಟ್ಟಿಗೆ ಮುಗಿದರೆ ಮಿರ್ಚಿ ಗರಿಗರಿಯಾಗುತ್ತದೆ. ಅದಕ್ಕೆ ಮೂರ್ನಾಲ್ಕು ನಿಮಿಷ ಬೇಕು. ಆ ಹೊತ್ತಿನುದ್ದಕ್ಕೂ ಬಿಸಿ ಹೆಚ್ಚು ಏರಬಾರದು, ಹೆಚ್ಚು ಇಳಿಯಬಾರದು.

ಈಗ ನಿಮ್ಮ ಎರಡನೇ ಸುತ್ತಿಗೆ ಬರುತ್ತೇನೆ. ಇದರ ಲೆಕ್ಕ ಮಕ್ಕಳೇ ಹಾಕಬಹುದು, ವಿಜ್ಞಾನದ ಪೀರಿಯಡ್‌ನಲ್ಲೂ ಕೆಲಸಕ್ಕೆ ಬರುತ್ತದೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ. ಅದು ಒಂದು ಡಿಗ್ರಿ ಏರಲು ಸುಮಾರು 1.8 ಕಿಲೋಜೂಲ್ ಶಾಖ ಬೇಕು. ಇಳಿಯುವಾಗ ಅಷ್ಟೇ ಬಿಟ್ಟುಕೊಡುತ್ತದೆ. ಹಿಟ್ಟು ಸೇರಿ ಒಂದು ಮಿರ್ಚಿ 50 ಗ್ರಾಂ ಅಂತ ಇಟ್ಟುಕೊಳ್ಳಿ. 30 ಡಿಗ್ರಿಯಲ್ಲಿರುವ ಆ ಮಿರ್ಚಿ 100 ಡಿಗ್ರಿ ಮುಟ್ಟಲು ಸುಮಾರು 12 ಕಿಲೋಜೂಲ್ ಎಳೆದುಕೊಳ್ಳುತ್ತದೆ. ಮೂರು ಮಿರ್ಚಿಗೆ 36. ಒಲೆ ಏನೂ ಕೊಡದಿದ್ದರೂ ಎಣ್ಣೆ 180ರಿಂದ 160ಕ್ಕೆ ಇಳಿಯುತ್ತದೆ, ಅಷ್ಟೇ. ಒಲೆ ಉರಿಯುತ್ತಲೇ ಇರುವುದರಿಂದ ನಿಜದಲ್ಲಿ ಅಷ್ಟೂ ಇಳಿಯಲಿಕ್ಕಿಲ್ಲ. ಎಂಟು ಮಿರ್ಚಿಗೆ 96 ಕಿಲೋಜೂಲ್ ಬೇಕು. ಅದೇ ಲೆಕ್ಕದಲ್ಲಿ ಎಣ್ಣೆ 127ಕ್ಕೆ ಬೀಳುತ್ತದೆ. ಇದರ ಮೇಲೆ ನೀರನ್ನು ಆವಿ ಮಾಡುವ ಖರ್ಚು ಬೇರೆ ಇದೆ, ಅದು ಇದಕ್ಕಿಂತಲೂ ದೊಡ್ಡದು. ಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್‌ನಿಂದ ಬಾಣಲೆಗೆ ನಿಜವಾಗಿ ಸೇರುವುದು ನಿಮಿಷಕ್ಕೆ ಹೆಚ್ಚೆಂದರೆ 80, 90 ಕಿಲೋಜೂಲ್. ಎಂಟು ಮಿರ್ಚಿ ಕೇಳುವಷ್ಟನ್ನು ಅದು ಬೇಗ ತುಂಬಿಕೊಡಲಾರದು.

ಬಿಸಿ ಹೀಗೆ ಬಿದ್ದಾಗ ಆವಿ ಜೋರಾಗಿ ಹೊರಡುವುದಿಲ್ಲ, ಹೊರಪದರ ಬೇಗ ಗಟ್ಟಿಯಾಗುವುದಿಲ್ಲ. ಬಣ್ಣ ಬರಲಿ ಅಂತ ನಾವು ಕಾಯುತ್ತೇವೆ. ಮಿರ್ಚಿ ಎಣ್ಣೆಯಲ್ಲಿ ಹೆಚ್ಚು ಹೊತ್ತು ಕೂತು ಮೆತ್ತಗಾಗುತ್ತದೆ.

ಇಲ್ಲೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಎಣ್ಣೆಯ ದೊಡ್ಡ ಪಾಲು ಒಳಗೆ ಹೋಗುವುದು ಕರಿಯುವಾಗಲ್ಲ, ಹೊರಗೆ ತೆಗೆದ ಮೇಲೆ. ತೆಗೆದ ಕೂಡಲೇ ಮಿರ್ಚಿ ತಣಿಯತೊಡಗುತ್ತದೆ. ಒಳಗಿನ ಆವಿ ಕುಗ್ಗುತ್ತದೆ, ಖಾಲಿಯಾದ ಜಾಗಕ್ಕೆ ಮೈಮೇಲೆ ಅಂಟಿದ ಎಣ್ಣೆ ಎಳೆದುಕೊಂಡು ಹೋಗುತ್ತದೆ. ಮೈ ಒಣಗಿ ಗಟ್ಟಿಯಾಗಿದ್ದರೆ ಅಂಟುವ ಎಣ್ಣೆಯೇ ಕಡಿಮೆ, ಮೆತ್ತಗೆ ಒರಟಾಗಿದ್ದರೆ ಜಾಸ್ತಿ. ಹಾಗಾಗಿ ತೆಗೆದ ತಕ್ಷಣ ಜಾಲರಿ ಸೌಟನ್ನು ಬಾಣಲೆಯ ಮೇಲೆಯೇ ಹಿಡಿದು ಕೆಲವು ಸೆಕೆಂಡ್ ಜಾಡಿಸಿ. ಆಮೇಲೆ ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಅವುಗಳ ಆವಿಯೇ ಅವನ್ನು ಮೆತ್ತಗೆ ಮಾಡುತ್ತದೆ. ಸುದ್ದಿ ಪತ್ರಿಕೆಯ ಮೇಲೆ ಹಾಕಬೇಡಿ, ಶಾಯಿ ತಿಂಡಿಗೆ ಹತ್ತುತ್ತದೆ.

ಮೂರನೇ ಸುತ್ತಿನ ಕಥೆ ಇನ್ನೂ ಸರಳ. ಉರಿ ಜೋರು ಮಾಡಿ ನೀವು ಮುಂದಿನ ಮೆಣಸಿನಕಾಯಿಗೆ ಹಿಟ್ಟು ಹಚ್ಚುತ್ತಿದ್ದಿರಿ ಅಲ್ವಾ? ಆಗ ಬಾಣಲೆ ಖಾಲಿ, ಶಾಖ ಎಳೆದುಕೊಳ್ಳುವವರು ಯಾರೂ ಇಲ್ಲ. ಮನೆಯ ಒಲೆಯ ಪೂರ್ತಿ ಉರಿಯಲ್ಲಿ ಒಂದು ಲೀಟರ್ ಎಣ್ಣೆ 180ರಿಂದ 230 ಮುಟ್ಟಲು ಒಂದೂವರೆ, ಎರಡು ನಿಮಿಷ ಸಾಕು. ಅಷ್ಟು ಬಿಸಿಯಲ್ಲಿ ಒಂದೇ ನಿಮಿಷದೊಳಗೆ ಮೈ ಕಪ್ಪಾಗುತ್ತದೆ. ಮೆಣಸಿನಕಾಯಿಗೆ ಅಂಟಿದ ಒಳಗಿನ ಹಿಟ್ಟಿಗೆ ಅಷ್ಟರಲ್ಲಿ ಶಾಖವೇ ತಲುಪಿರುವುದಿಲ್ಲ. ಹಿಂದಿನ ಸುತ್ತಿನಲ್ಲಿ ಉದುರಿದ ಹಿಟ್ಟಿನ ಚೂರು ತಳದಲ್ಲಿ ಕರಕಲಾಗಿದ್ದರೆ ಅದೂ ಬಣ್ಣ ಕೆಡಿಸುತ್ತದೆ. ಪ್ರತಿ ಸುತ್ತಿನ ನಡುವೆ ಅವನ್ನು ಜಾಲರಿ ಸೌಟಿನಿಂದ ಎತ್ತಿ ಬಿಡಿ.

ಇಷ್ಟು ಗೊತ್ತಾದರೆ ನಿಮ್ಮ ಸಹೋದ್ಯೋಗಿಯ ಮಾತಿಗೂ ಅತ್ತೆಯವರ ಮಾತಿಗೂ ಉತ್ತರ ಸಿಕ್ಕಂತೆ. ಹೊಗೆ ಬಂತೆಂದರೆ ಎಣ್ಣೆ ತಯಾರಾಯಿತು ಅಂತ ಅಲ್ಲ, ಒಡೆಯಲು ಶುರುವಾಯಿತು ಅಂತ. ರಿಫೈನ್ಡ್ ಶೇಂಗಾ ಎಣ್ಣೆ ಸುಮಾರು 230 ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಕಣ್ಣು, ಗಂಟಲು ಉರಿಸುವ ಆ ಹೊಗೆಯನ್ನು ದಾಟಿ ಕಾಯಿಸುತ್ತಲೇ ಹೋದರೆ ಮುಂದಿನದು ಬೆಂಕಿ. ಗಾಣದ ಎಣ್ಣೆಯ ಸಂಗತಿ ಬೇರೆ. ಸೋಸಿ ಶುದ್ಧ ಮಾಡದ ಶೇಂಗಾ ಎಣ್ಣೆ 160ರ ಸುಮಾರಿಗೇ ಹೊಗೆ ಬಿಡಬಹುದು, ಅಂದರೆ ಮಿರ್ಚಿಗೆ ಬೇಕಾದ ಬಿಸಿಗಿಂತ ಮೊದಲೇ. ನಮ್ಮ ಕಡೆ ಗಾಣದ ಎಣ್ಣೆಯ ಮೇಲೆ ಪ್ರೀತಿ ಜಾಸ್ತಿ, ನನಗೂ ಇದೆ. ಒಗ್ಗರಣೆಗೆ ಅದನ್ನೇ ಹಾಕಿ, ಶಾಲೆಯಲ್ಲಿ ಕರಿಯಲು ಮಾತ್ರ ರಿಫೈನ್ಡ್ ಇರಲಿ.

ಸಣ್ಣ ಉರಿ ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ಬೆಂಕಿ ಹತ್ತುವ ಅಪಾಯ ಅದರಲ್ಲಿ ಕಡಿಮೆ, ಖಂಡಿತ. ಆದರೆ 130 ಡಿಗ್ರಿಯ ಎಣ್ಣೆ ಮೈಮೇಲೆ ಬಿದ್ದರೂ ಚರ್ಮ ಕೂಡಲೇ ಬೇಯುತ್ತದೆ. ಸದ್ದಿಲ್ಲದ, ಗುಳ್ಳೆ ಕಡಿಮೆ ಇರುವ ಎಣ್ಣೆಯನ್ನು ಮಕ್ಕಳು ತಣ್ಣಗಿದೆ ಅಂದುಕೊಳ್ಳುತ್ತಾರೆ. ಅದು ನನಗೆ ಹೆಚ್ಚು ಭಯ.

ಇನ್ನು ಸಿಡಿದ ಮೆಣಸಿನಕಾಯಿ. ಅದರ ಹೊಟ್ಟೆ ಪೊಳ್ಳು. ಸೀಳದೆ ಇಡಿಯಾಗಿ ಹಾಕಿದರೆ ಒಳಗಿನ ಗಾಳಿ ಹಿಗ್ಗುತ್ತದೆ, ತೇವ ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಒಡೆಯುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಜಾಗ ಬೇಡುತ್ತದೆ. ಒಂದು ಚಮಚ ನೀರು ಒಂದು ಸಣ್ಣ ಬಕೆಟ್ ತುಂಬುವಷ್ಟು ಆವಿಯಾಗಬಲ್ಲದು ಅಂದರೆ ಮಕ್ಕಳಿಗೆ ಅಂದಾಜು ಸಿಗುತ್ತದೆ. ಹಾಗಾಗಿ ಪ್ರತಿ ಕಾಯಿಯನ್ನೂ ಉದ್ದಕ್ಕೆ ಒಂದು ಕಡೆ ಸೀಳಿ, ಓಂಕಾಳು, ಉಪ್ಪು, ಹುಣಸೆ ಗಟ್ಟಿ ಸವರಿ. ಹುಣಸೆ ನೀರಾಗಿರಬಾರದು. ತೊಳೆದ ಕಾಯಿಯನ್ನು ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಹಿಟ್ಟಿಗೆ ಅದ್ದಿ. ಎಣ್ಣೆ ಕಾದಿದೆಯಾ ಅಂತ ನೋಡಲು ನೀರು ಚಿಮುಕಿಸುವ ಅಭ್ಯಾಸ ಇದ್ದರೆ ಇಂದೇ ಬಿಡಿ. ನೀರು ಎಣ್ಣೆಗಿಂತ ಭಾರ. ಕೆಳಗೆ ಇಳಿದು ಆವಿಯಾಗುವಾಗ ಮೇಲಿನ ಎಣ್ಣೆಯನ್ನೂ ಎತ್ತಿ ಎಸೆಯುತ್ತದೆ.

ಹಾಗಾದರೆ ಬಿಸಿ ನೋಡುವುದು ಹೇಗೆ? ಹಿಟ್ಟಿನ ಒಂದು ಹನಿ ಬಿಡಿ. ತಳಕ್ಕೆ ಹೋಗಿ ಕೂತರೆ ಎಣ್ಣೆ ಕಾದಿಲ್ಲ. ಸ್ವಲ್ಪ ಇಳಿದು ಸುತ್ತ ಗುಳ್ಳೆ ಕಟ್ಟಿಕೊಂಡು ಕೂಡಲೇ ಮೇಲೆ ಬಂದು, ನಿಧಾನಕ್ಕೆ ಬಣ್ಣ ತಿರುಗಿದರೆ ಸರಿ. ಬಿದ್ದ ಕೂಡಲೇ ಮೇಲೆಯೇ ಕಂದಾದರೆ ಜಾಸ್ತಿ ಆಗಿದೆ, ಉರಿ ಆರಿಸಿ ಕಾಯಿರಿ. ಇದು ಅಂದಾಜು ಮಾತ್ರ. ಕ್ಲಬ್‌ಗೆ ಒಂದು ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು, 250, 300 ಡಿಗ್ರಿ ತನಕ ತೋರಿಸುವ ಸ್ಟೀಲ್ ಕಡ್ಡಿಯದು. ತುದಿ ಎಣ್ಣೆಯ ನಡುವೆ ಇರಲಿ, ತಳ ಮುಟ್ಟಬಾರದು. ವಿಜ್ಞಾನ ಪ್ರಯೋಗಾಲಯದ ಗಾಜಿನ ಥರ್ಮಾಮೀಟರ್ ತಂದು ಅದ್ದಬೇಡಿ ಅಂತ ಒತ್ತಿ ಹೇಳುತ್ತೇನೆ. ಶಾಲೆಗಳಲ್ಲಿ ಸಾಮಾನ್ಯವಾಗಿ ಇರುವುದು 110 ಡಿಗ್ರಿ ತನಕದ್ದು. ಬಿಸಿ ಎಣ್ಣೆಯಲ್ಲಿ ಅದು ಒಡೆಯುತ್ತದೆ, ಪಾದರಸದ್ದಾದರೆ ಇಡೀ ಕೋಣೆ ಖಾಲಿ ಮಾಡಿಸಬೇಕಾಗುತ್ತದೆ. ದೂರದಿಂದ ಬೆಳಕು ಬಿಟ್ಟು ನೋಡುವ ಥರ್ಮಾಮೀಟರ್ ಎಣ್ಣೆಯ ಮೇಲ್ಮೈ ಬಿಸಿಯನ್ನಷ್ಟೇ ತೋರಿಸುತ್ತದೆ, ನೊರೆ ಇದ್ದಾಗ ಅದನ್ನು ನಂಬಬೇಡಿ.

ಯಾವ ಒಲೆ ಅನ್ನುವುದು ಮುಂದಿನ ತೀರ್ಮಾನ. ಗ್ಯಾಸ್ ಒಲೆ ಮತ್ತು ದಪ್ಪ ಕಬ್ಬಿಣದ ಬಾಣಲೆ ನನ್ನ ಮೊದಲ ಆಯ್ಕೆ. ಎರಡು ಕಿಲೋ ಕಬ್ಬಿಣ ಸುಮಾರು ಅರ್ಧ ಲೀಟರ್ ಎಣ್ಣೆಯಷ್ಟೇ ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮಿರ್ಚಿ ಬಿದ್ದಾಗ ಬಿಸಿ ಅಷ್ಟು ಬೇಗ ಕುಸಿಯುವುದಿಲ್ಲ. ಇದರ ಅಪಾಯ ತೆರೆದ ಬೆಂಕಿ, ಮತ್ತೆ ಗಾಳಿ. ಅಂಗಳದಲ್ಲಿ ಇಟ್ಟರೆ ಗಾಳಿ ಉರಿಯನ್ನು ಪಕ್ಕಕ್ಕೆ ಎಳೆದು ಬಿಸಿ ಏರಿಳಿಯುತ್ತದೆ. ಗೋಡೆಯ ಮರೆಯಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ ಇಡಿ. ಇಂಡಕ್ಷನ್‌ನಲ್ಲಿ ಬೆಂಕಿ ಇಲ್ಲ, ಆದರೆ ಅದು ತೋರಿಸುವ ಅಂಕಿ ಗಾಜಿನ ಕೆಳಗಿನದ್ದು, ಎಣ್ಣೆಯದ್ದಲ್ಲ. 180 ಅಂತ ಇಟ್ಟರೆ ಎಣ್ಣೆ ಅದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅಲ್ಲೂ ಥರ್ಮಾಮೀಟರ್ ಬೇಕು, ತಳ ಚಪ್ಪಟೆಯಾಗಿರುವ ಪಾತ್ರೆಯೂ ಬೇಕು. ಬಿಸಿಯೂಟದ ಅಡುಗೆಮನೆಯ ದೊಡ್ಡ ಬರ್ನರ್ ಬೇಡವೇ ಬೇಡ. ಅಲ್ಲಿ ಒಂದು ಲೀಟರ್ ಎಣ್ಣೆ ಕೈಮೀರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಬಳ್ಳಾರಿ, ಗಂಗಾವತಿ ಬಂಡಿಗಳಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಮಿರ್ಚಿ ಬಿಡುತ್ತಾರಲ್ಲ ಅಂತ. ಅವರ ಬಾಣಲೆಯಲ್ಲಿ ಎಣ್ಣೆ ನಿಮ್ಮದರ ಹಲವು ಪಟ್ಟು ಇರುತ್ತದೆ, ಕೆಳಗೆ ಭಟ್ಟಿ ಉರಿ. ಎಣ್ಣೆ ಹೆಚ್ಚಿದ್ದಷ್ಟೂ ಇಳಿತ ಕಡಿಮೆ. ನಿಮ್ಮ ಒಂದು ಲೀಟರ್‌ಗೆ ಮೂರೇ ಮಿತಿ. ಬಾಣಲೆಯಲ್ಲಿ ಎಣ್ಣೆ ಮೂರನೇ ಒಂದು ಭಾಗಕ್ಕಿಂತ ಮೇಲೆ ಬರಬಾರದು, ನೊರೆ ಏಳಲು ಜಾಗ ಬೇಕು.

ನೀವು ಮಾತನಾಡಲು ಹೀಗೆ ಬರೆದುಕೊಟ್ಟಿದ್ದೇನೆ. ನಿಮ್ಮ ಬಾಯಿಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ.

“ಮಕ್ಕಳೇ, ಹೋದ ತಿಂಗಳು ನಾವು ಮೂರು ಸುತ್ತು ಮಿರ್ಚಿ ಕರಿದೆವು. ಮೂರೂ ಬೇರೆ ಬೇರೆ ಬಂದವು. ಯಾಕೆ ಅಂತ ಯಾರಾದರೂ ಹೇಳುತ್ತೀರಾ? (ಉತ್ತರಕ್ಕೆ ಸ್ವಲ್ಪ ಕಾಯಿರಿ.)

ಮಿರ್ಚಿಯಲ್ಲಿ ನೀರಿದೆ. ಬಿಸಿ ಎಣ್ಣೆಗೆ ಬಿದ್ದಾಗ ಆ ನೀರು ಆವಿಯಾಗಿ ಹೊರಗೆ ಬರುತ್ತದೆ. ನಮ್ಮೂರ ಬಸ್ ನಿಂತಾಗ ಎಲ್ಲರೂ ಒಟ್ಟಿಗೆ ಇಳಿಯುತ್ತಿದ್ದರೆ ಹತ್ತುವವರು ಬಾಗಿಲಲ್ಲೇ ನಿಲ್ಲಬೇಕು, ಅಲ್ವಾ? ಆವಿ ಇಳಿಯುತ್ತಿರುವ ತನಕ ಎಣ್ಣೆ ಹತ್ತಲಾರದು. ಎಣ್ಣೆಯ ಬಿಸಿ ಕಡಿಮೆಯಾದರೆ ಇಳಿಯುವವರು ಕಡಿಮೆ, ಎಣ್ಣೆ ಹತ್ತಿ ಕೂರುತ್ತದೆ. ನಮ್ಮ ಎರಡನೇ ಸುತ್ತಿನಲ್ಲಿ ಆದದ್ದು ಅದೇ. ಒಂದೇ ಸಲಕ್ಕೆ ಎಂಟು ಹಾಕಿದ್ದರಿಂದ ಎಣ್ಣೆ ತಣಿಯಿತು.

ಮೂರನೇ ಸುತ್ತಿನಲ್ಲಿ ಉರಿ ಜೋರು ಮಾಡಿದೆವು. ಹೊರಗೆ ಸುಟ್ಟಿತು, ಒಳಗೆ ಬೇಯಲು ಸಮಯವೇ ಸಿಗಲಿಲ್ಲ. ಆದ್ದರಿಂದ ನಮಗೆ ಬೇಕಾದದ್ದು 170, 180ರ ನಡುವಿನ ಬಿಸಿ. ಇವತ್ತು ಒಬ್ಬರು ಥರ್ಮಾಮೀಟರ್ ಓದಿ ಕೂಗಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. 175 ಅಂದಾಗ ಮೂರು ಮಿರ್ಚಿ ಬಿಡುತ್ತೇನೆ. ಎಷ್ಟಕ್ಕೆ ಇಳಿಯುತ್ತದೆ, ಮತ್ತೆ ಏರಲು ಎಷ್ಟು ಹೊತ್ತು ಬೇಕು ನೋಡೋಣ. ಮತ್ತೆ 175 ಆಗುವ ತನಕ ಮುಂದಿನ ಮೂರು ಹಾಕುವುದಿಲ್ಲ. ಹಸಿವಾದರೂ ಕಾಯಬೇಕು.

ಹೊಗೆ ಕಂಡರೆ ಕೂಗಿ. ನಾನು ಗ್ಯಾಸ್ ಆರಿಸುತ್ತೇನೆ. ಬೆಂಕಿ ಹತ್ತಿದರೆ ಯಾರೂ ನೀರು ಹಾಕಬಾರದು, ಬಾಣಲೆ ಎತ್ತಿಕೊಂಡು ಓಡಬಾರದು. ಈ ಸ್ಟೀಲ್ ಮುಚ್ಚಳವನ್ನು ನಾನು ಮುಚ್ಚುತ್ತೇನೆ, ಗಾಳಿ ಸಿಗದೆ ಬೆಂಕಿ ಆರುತ್ತದೆ. ನೀವು ಬಾಗಿಲ ಹೊರಗೆ ಹೋಗಬೇಕು. ಯಾರಿಗಾದರೂ ಎಣ್ಣೆ ಹಾರಿದರೆ ನಲ್ಲಿಯ ಕೆಳಗೆ 20 ನಿಮಿಷ ಕೈ ಹಿಡಿಯಬೇಕು. ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ. ನೆಲದ ಮೇಲೆ ಎಳೆದ ಈ ಗೆರೆ ದಾಟಿ ಒಲೆ ಹತ್ತಿರ ಬರುವಂತಿಲ್ಲ.”

ಗೆರೆ ಒಲೆಯಿಂದ ಎರಡು ಮೀಟರ್ ದೂರ ಇರಲಿ, ಥರ್ಮಾಮೀಟರ್ ಓದುವ ಹುಡುಗ ಅಥವಾ ಹುಡುಗಿಗೂ ಅದೇ ನಿಯಮ. ಅದಕ್ಕೆ ವೈರ್ ಇರುವ, ದೂರದಿಂದ ಅಂಕಿ ಕಾಣುವ ಥರ್ಮಾಮೀಟರ್ ಅನುಕೂಲ. ಮಿರ್ಚಿ ಬಿಡುವುದು, ತೆಗೆಯುವುದು ಎರಡೂ ನಿಮ್ಮ ಕೆಲಸ. ಎಣ್ಣೆಯ ಹತ್ತಿರಕ್ಕೆ ತಂದು, ತುದಿ ನಿಮ್ಮಿಂದ ಆಚೆಗೆ ಇರುವಂತೆ ಜಾರಿಸಿ, ಮೇಲಿಂದ ಎಸೆಯಬೇಡಿ. ದುಪಟ್ಟಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಿ ಬಟ್ಟೆ ಉಡಿ.

ಒಂಬತ್ತನೇ ತರಗತಿಯವರಿಗೆ ಆಸಕ್ತಿ ಇದ್ದರೆ ಬರೆದುಕೊಂಡ ಅಂಕಿಗಳಿಂದ ಗ್ರಾಫ್ ಹಾಕಿಸಿ. ಮೂರು ಮಿರ್ಚಿ ಹಾಕಿದಾಗಿನ ಗೆರೆ, ಐದು ಹಾಕಿದಾಗಿನ ಗೆರೆ ಪಕ್ಕಪಕ್ಕ ಬಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಐದರ ಸುತ್ತನ್ನು ಕೊನೆಗೆ ಇಟ್ಟುಕೊಳ್ಳಿ, ಅವು ಮೆತ್ತಗೆ ಬರುತ್ತವೆ ಅಂತ ಮೊದಲೇ ಗೊತ್ತಿರುತ್ತದೆ.

ಕೊನೆಯದಾಗಿ ಸಮಯದ ವಿಷಯ. ಕೊನೆಯ ಪೀರಿಯಡ್‌ನಲ್ಲಿ ಕರಿಯಬೇಡಿ. ಉರಿ ಆರಿಸಿದ ಮೇಲೂ ದಪ್ಪ ಬಾಣಲೆಯ ಎಣ್ಣೆ ಗಂಟೆ ಹೊತ್ತು ಕೈ ಸುಡುವಷ್ಟು ಬಿಸಿ ಇರುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಗಂಟೆ ಹೊಡೆಯಿತು ಅಂತ ಅವಸರದಲ್ಲಿ ಬಾಣಲೆ ಎತ್ತಿದಾಗ ಆದ ಅನಾಹುತಗಳನ್ನು ಕರಿಯುವಾಗ ಆದವಕ್ಕಿಂತ ಹೆಚ್ಚು ಕೇಳಿದ್ದೇನೆ. ಮುಚ್ಚಳ ಹಾಕಿ ಕೋಣೆಗೆ ಬೀಗ ಹಾಕಿ. ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿ. ಬಣ್ಣ ಗಾಢವಾಗಿದ್ದರೆ, ಅಂಟಂಟಾಗಿದ್ದರೆ ಅಥವಾ ಮುಂದಿನ ಸಲ ಮೊದಲಿಗಿಂತ ಬೇಗ ಹೊಗೆ ಬಂದರೆ ಅದರಲ್ಲಿ ಮತ್ತೆ ಕರಿಯಬೇಡಿ. ಮೋರಿಗೂ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ.